ಹೊಲಿಗೆ ತರಬೇತಿಗೆ ಪಾಠಪಟ್ಟಿ ಬರೆಯುವ ಮೊದಲು, ಅಂಗಡಿಗೆ ವಾಪಸ್ ಬಂದ ರವಿಕೆಗಳನ್ನು ನೋಡಿ

ನಮ್ಮ ಮೊದಲ ಬ್ಯಾಚಿನವರ ಸ್ಯಾಂಪಲ್ ಫೈಲುಗಳು ಈಗಲೂ ನನ್ನ ಬೀರುವಿನಲ್ಲಿವೆ. ಒಂದೊಂದು ಹಾಳೆಗೆ ಒಂದೊಂದು ತುಂಡು ಬಟ್ಟೆ ಅಂಟಿಸಿದೆ: ಹೆಮ್ಮಿಂಗ್, ಕಾಜಾ, ನೆರಿಗೆ, ಪೈಪಿಂಗ್, ಟಕ್ಸ್. ಅಂದವಾಗಿವೆ. ಮೂರು ತಿಂಗಳು ಮುಗಿಸಿ ಎಲ್ಲರೂ ಸರ್ಟಿಫಿಕೇಟ್ ತೆಗೆದುಕೊಂಡು ಹೋದರು. ತಿಂಗಳ ನಂತರ ಅವರಲ್ಲಿ ಒಬ್ಬಳು ಒಂದು ಕವರ್ ಹಿಡಿದುಕೊಂಡು ಬಂದಳು. ಒಳಗೆ ಪಕ್ಕದ ಮನೆಯವರ ರೇಷ್ಮೆ ಸೀರೆಯ ಬ್ಲೌಸ್ ಪೀಸ್ ಇತ್ತು. "ಎಂಟು ದಿನದಿಂದ ಹಾಗೇ ಇಟ್ಕೊಂಡಿದೀನಿ ಟೀಚರ್. ಹೊಲಿಗೆ ಎಲ್ಲಾ ಬರುತ್ತೆ. ಇದರ ಮೇಲೆ ಕತ್ತರಿ ಇಡೋಕೆ ಮಾತ್ರ ಕೈ ಬರ್ತಿಲ್ಲ" ಅಂದಳು.

ತಪ್ಪು ಅವಳದಲ್ಲ. ನಾನು ಬೋರ್ಡಿನ ಮೇಲೆ ಎದೆ ಸುತ್ತಳತೆ 36 ಎಂದು ಬರೆದು, ಎಲ್ಲರಿಗೂ ಅದೇ ಅಳತೆಯಲ್ಲಿ ಪೇಪರ್ ಕಟಿಂಗ್ ಹೇಳಿಕೊಟ್ಟಿದ್ದೆ. ಅಂಚಿರುವ ಬಟ್ಟೆಯನ್ನು, ಬೇರೆಯವರ ಬಟ್ಟೆಯನ್ನು, ಹಾಳಾದರೆ ಮತ್ತೆ ಸಿಗದ ಬಟ್ಟೆಯನ್ನು ಅವಳ ಕೈಗೆ ಒಂದು ಸಲವೂ ಕೊಟ್ಟಿರಲಿಲ್ಲ. ಆಮೇಲೆ ಪಾಠಪಟ್ಟಿಯನ್ನು ಹಿಂದಿನಿಂದ ಮುಂದಕ್ಕೆ ಬರೆಯುವುದನ್ನು ಕಲಿತೆ. ಅಂದರೆ ಮೊದಲು ಕೆಲಸದ ಜಾಗ, ಆಮೇಲೆ ಅಲ್ಲಿ ಬೇಕಾದ ಕೈಚಳಕ, ಕೊನೆಗೆ ಪಾಠ. ಊರಿನ ಮಟ್ಟದಲ್ಲಿ ಹೊಲಿಗೆ ತರಬೇತಿ ನಡೆಸುವವರಿಗೆ, ಸ್ವಸಹಾಯ ಸಂಘ ಅಥವಾ ಟ್ರಸ್ಟ್‌ಗೆ ಕೋರ್ಸ್ ರೂಪಿಸಿಕೊಡುವವರಿಗೆ ಆ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಯಾವ ಕೆಲಸಕ್ಕೆ ಎಂದು ಮೊದಲೇ ತೀರ್ಮಾನಿಸಿ

"ಟೈಲರಿಂಗ್ ಕೋರ್ಸ್" ಎಂಬ ಒಂದೇ ಹೆಸರಿನಡಿ ಎರಡು ಬೇರೆ ಬೇರೆ ಕೆಲಸಗಳಿವೆ. ಉಡುಪು ವಲಯದ ಕೌಶಲ ಮಂಡಳಿಯೂ ಸೆಲ್ಫ್ ಎಂಪ್ಲಾಯ್ಡ್ ಟೈಲರ್ ಮತ್ತು ಸೂಯಿಂಗ್ ಮೆಷಿನ್ ಆಪರೇಟರ್ ಎಂದು ಇವನ್ನು ಬೇರೆ ಬೇರೆ ಹುದ್ದೆಗಳಾಗಿಯೇ ಗುರುತಿಸಿದೆ. ಪೀಣ್ಯದ ಗಾರ್ಮೆಂಟ್ಸಿಗೆ ಹೋಗುವ ಹುಡುಗಿ ಅಳತೆ ತೆಗೆಯುವುದೂ ಇಲ್ಲ, ಕತ್ತರಿಸುವುದೂ ಇಲ್ಲ. ಅವಳಿಗೆ ಬರುವುದು ಬಂಡಲ್. ಅದರಲ್ಲಿ ಕಾಲರ್ ಕೂಡಿಸುವುದೋ ಪಕ್ಕದ ಹೊಲಿಗೆಯೋ, ಒಂದೇ ಕೆಲಸವನ್ನು ದಿನವಿಡೀ ಒಂದೇ ಥರ ಮಾಡಬೇಕು. ಆ ಕೆಲಸಕ್ಕೆ ಅರ್ಧ ನಿಮಿಷ ಎಂದು ಲೆಕ್ಕ ಹಾಕಿದ್ದರೆ ಗಂಟೆಗೆ 120 ಪೀಸ್ ಪೂರ್ಣ ಗುರಿ. ಹೊಸಬಳು ಅದರ ಅರ್ಧಕ್ಕೆ ಮುಟ್ಟಿದರೂ 60 ಪೀಸ್ ಆಯಿತು. ಸೂಜಿ ಮುರಿದರೆ ಅದರ ಎಲ್ಲ ಚೂರುಗಳನ್ನೂ ಹುಡುಕಿ ಒಪ್ಪಿಸಿದ ಮೇಲೆಯೇ ಹೊಸ ಸೂಜಿ ಸಿಗುತ್ತದೆ. ಇವು ಅಲ್ಲಿನ ಕೌಶಲಗಳು.

ಊರಿನಲ್ಲೇ ಇದ್ದು ಮನೆಯಿಂದಲೋ ಅಂಗಡಿಯಿಂದಲೋ ಹೊಲಿಯುವವಳಿಗೆ ಬೇಕಾದ್ದು ಇನ್ನೊಂದು. ಅವಳ ಕೈಗೆ ಬರುವ ಯಾವ ಎರಡು ಬಟ್ಟೆಯೂ ಒಂದೇ ಥರ ಇರುವುದಿಲ್ಲ. ಎರಡನ್ನೂ ಮೂರು ತಿಂಗಳಲ್ಲಿ ಕಲಿಸುತ್ತೇವೆ ಎಂದು ಹೊರಟರೆ ಎರಡೂ ಅರ್ಧಕ್ಕೆ ನಿಲ್ಲುತ್ತವೆ. ನಮ್ಮಲ್ಲಿ ಬರುವವರು ಹೆಚ್ಚಾಗಿ ಮಕ್ಕಳನ್ನು ಶಾಲೆಗೆ ಕಳಿಸಿ ಬರುವ ತಾಯಂದಿರು. ಬಸ್ಸು ಹತ್ತಿ ಫ್ಯಾಕ್ಟರಿಗೆ ಹೋಗುವವರಲ್ಲ. ಹಾಗಾಗಿ ನಾವು ಒಂದನ್ನೇ ಹಿಡಿದೆವು: ಸೀರೆಯ ಲೈನಿಂಗ್ ಬ್ಲೌಸ್. ಚೂಡಿದಾರ್, ಮಕ್ಕಳ ಲಂಗ ಎಲ್ಲವನ್ನೂ ಬಿಟ್ಟೆವು. ಬ್ಲೌಸ್ ಬಂದವಳಿಗೆ ಅವು ಬೇಗ ಬರುತ್ತವೆ. ಅವು ಬಂದವಳಿಗೆ ಬ್ಲೌಸ್ ಅಷ್ಟು ಬೇಗ ಬರುವುದಿಲ್ಲ.

ಎರಡು ದಿನ ಅಂಗಡಿಯಲ್ಲಿ ಕೂರಿ

ಪಾಠ ಬರೆಯುವ ಮೊದಲು ಕೆಲಸ ಜೋರಾಗಿರುವ ಒಂದು ಬ್ಲೌಸ್ ಅಂಗಡಿಯಲ್ಲಿ ಒಪ್ಪಿಗೆ ಕೇಳಿ ಎರಡು ದಿನ ಕೂರಿ. ಮಾಸ್ಟರ್ ಹೇಗೆ ಹೊಲಿಯುತ್ತಾರೆ ಎನ್ನುವುದಕ್ಕಿಂತ, ಗಿರಾಕಿ ಬಂದಾಗ ಏನಾಗುತ್ತದೆ ಎಂದು ಬರೆದುಕೊಳ್ಳಿ. ಮುಖ್ಯವಾಗಿ ವಾಪಸ್ ಬಂದ ಬಟ್ಟೆಗಳನ್ನು ಬರೆದುಕೊಳ್ಳಿ. ಯಾವ ಬಟ್ಟೆ, ಏನು ದೂರು, ಮಾಸ್ಟರ್ ಏನು ನೋಡಿದರು, ಎಲ್ಲಿ ಬಿಚ್ಚಿದರು, ಸರಿಯಾಯಿತೇ?

ನನ್ನ ಪುಸ್ತಕದಲ್ಲಿ ಎರಡು ದಿನಕ್ಕೆ ಹನ್ನೊಂದು ದೂರುಗಳಾದವು. ಒಂದೇ ಒಂದು ದೂರೂ "ಹೊಲಿಗೆ ನೆಟ್ಟಗಿಲ್ಲ" ಎಂದಿರಲಿಲ್ಲ. ಕೈ ಎತ್ತಿದರೆ ರವಿಕೆ ಮೇಲೇರುತ್ತದೆ, ಭುಜ ಜಾರುತ್ತದೆ, ಒಂದು ಸಲ ಒಗೆದ ಮೇಲೆ ಸುಕ್ಕುಗಟ್ಟಿದೆ, ತೋಳಿನ ಅಂಚು ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ. ಇನ್ನು ಎರಡು ದೂರುಗಳಿಗೂ ಬಟ್ಟೆಗೂ ಸಂಬಂಧವೇ ಇರಲಿಲ್ಲ. ಮದುವೆ ಶುಕ್ರವಾರ ಎಂದು ಹೇಳಿದ್ದನ್ನು ಚೀಟಿಯಲ್ಲಿ ಬರೆದಿರಲಿಲ್ಲ. ನನ್ನ ಹಳೆಯ ಪಾಠಪಟ್ಟಿಯಲ್ಲಿ ಹೊಲಿಗೆಯ ಬಗೆಗಳೇ ಅರ್ಧ ಸಮಯವನ್ನು ತಿನ್ನುತ್ತಿದ್ದವು. ಈ ಹನ್ನೊಂದರಲ್ಲಿ ಯಾವುದಕ್ಕೂ ಅದರಲ್ಲಿ ಜಾಗವಿರಲಿಲ್ಲ.

ಇನ್ನೊಂದನ್ನೂ ಗಮನಿಸಿ. ಅಂಗಡಿಗೆ ಹೊಸದಾಗಿ ಸೇರಿದವರಿಗೆ ಮೊದಲು ಏನು ಕೊಡುತ್ತಾರೆ? ಹುಕ್ ಕಟ್ಟುವುದು, ಕೈಯಲ್ಲಿ ಹೆಮ್ಮಿಂಗ್, ಸೀರೆಗೆ ಫಾಲ್, ಪಕ್ಕ ಬಿಚ್ಚಿ ಸಡಿಲ ಮಾಡುವುದು. ಹೊಸ ಬ್ಲೌಸ್ ತಿಂಗಳುಗಟ್ಟಲೆ ಕೊಡುವುದಿಲ್ಲ. ಘಟಕಗಳನ್ನು ಯಾವ ಕ್ರಮದಲ್ಲಿ ಇಡಬೇಕೆಂಬುದು ನನಗೆ ಇದರಿಂದಲೇ ಸಿಕ್ಕಿತು.

ಕಲಿಕಾ ಫಲವನ್ನು ಕಣ್ಣಿಗೆ ಕಾಣುವಂತೆ ಬರೆಯಿರಿ

ನನ್ನ ಹಳೆಯ ಪಾಠಪಟ್ಟಿಯಲ್ಲಿ "ಲೈನಿಂಗ್ ಬ್ಲೌಸ್ ಹೊಲಿಯುವ ವಿಧಾನವನ್ನು ಅರಿಯುವರು" ಎಂದಿತ್ತು. ಅರಿತಿದ್ದಾಳೋ ಇಲ್ಲವೋ ಎಂದು ಯಾರು ಹೇಗೆ ನೋಡುವುದು? ಕಲಿಕಾ ಫಲದಲ್ಲಿ ಮೂರು ಸಂಗತಿ ಇರಬೇಕು: ಕೈಗೆ ಏನು ಕೊಟ್ಟಿದ್ದೇವೆ, ಅವಳು ಏನು ಮಾಡಬೇಕು, ಎಷ್ಟರ ಮಟ್ಟಿಗೆ ಸರಿ ಇದ್ದರೆ ಒಪ್ಪುತ್ತೇವೆ. ಕೋರ್ಸಿನ ಕೊನೆಯ ಫಲವನ್ನು ನಾವೀಗ ಹೀಗೆ ಬರೆದಿದ್ದೇವೆ:

"ಗಿರಾಕಿ ತಂದ 80 ಸೆಂ.ಮೀ. ಬ್ಲೌಸ್ ಪೀಸ್ ಮತ್ತು ಅಳತೆ ರವಿಕೆಯನ್ನು ತೆಗೆದುಕೊಂಡು, ಬಟ್ಟೆ ಸಾಲುತ್ತದೆಯೇ ಎಂದು ಕತ್ತರಿ ಹಾಕುವ ಮೊದಲೇ ಹೇಳಿ, ಲೈನಿಂಗ್ ಬ್ಲೌಸ್ ಹೊಲಿದು ಕೊಡುತ್ತಾಳೆ. ಚೀಟಿಯಲ್ಲಿ ಬರೆದ ಯಾವ ಅಳತೆಯೂ ಕಾಲು ಇಂಚಿಗಿಂತ ಹೆಚ್ಚು ತಪ್ಪಿರುವುದಿಲ್ಲ. ಪಕ್ಕದ ಹೊಲಿಗೆಯೊಳಗೆ ಮುಂದೆ ಬಿಚ್ಚಿಕೊಳ್ಳಲು ಕನಿಷ್ಠ ಒಂದು ಇಂಚು ಬಟ್ಟೆ ಇರುತ್ತದೆ. ಗಿರಾಕಿ ತೊಟ್ಟು ಕೈ ಎತ್ತಿದಾಗ ರವಿಕೆಯ ಕೆಳ ಅಂಚು ಪಟ್ಟಿ ಸಮೇತ ಮೇಲೇಳುವುದಿಲ್ಲ."

ಇದರಲ್ಲಿ ಪ್ರತಿ ವಾಕ್ಯವನ್ನೂ ಟೇಪಿನಿಂದಲೋ ಕಣ್ಣಿನಿಂದಲೋ ಪರೀಕ್ಷಿಸಬಹುದು. ಪರೀಕ್ಷಿಸಲು ಆಗದ ವಾಕ್ಯ ಸಿಕ್ಕಿದರೆ ತಿದ್ದಿ, ಇಲ್ಲವೇ ತೆಗೆಯಿರಿ. ಕಾಲು ಇಂಚು ಎಂಬ ಮಿತಿಯನ್ನು ನಾವು ಅಂಗಡಿಯಲ್ಲಿ ಕೇಳಿ ಇಟ್ಟುಕೊಂಡದ್ದು. ಅದಕ್ಕಿಂತ ಬಿಗಿ ಮಾಡಿದರೆ ಮೂರು ತಿಂಗಳಲ್ಲಿ ಯಾರೂ ಮುಟ್ಟುವುದಿಲ್ಲ. ಅರ್ಧ ಇಂಚು ಬಿಟ್ಟರೆ ಎದೆಯ ಹತ್ತಿರ ಹುಕ್ ಹಿಡಿದು ಎಳೆಯುತ್ತದೆ.

ಘಟಕಗಳ ಸಾಲು

ದಿನಕ್ಕೆ ಮೂರು ಗಂಟೆ, ವಾರಕ್ಕೆ ಆರು ದಿನ, ಹನ್ನೆರಡು ವಾರ. ಒಟ್ಟು 216 ಗಂಟೆ. ಯಂತ್ರ ಪಳಗುವುದಕ್ಕೆ 30 ಗಂಟೆ ಸಾಕು. ಆಮೇಲೆ ಆಲ್ಟರೇಷನ್, ಹುಕ್, ಫಾಲ್ ಕೆಲಸಕ್ಕೆ 36. ಅಳತೆ ಮತ್ತು ಕಟಿಂಗ್‌ಗೆ 48. ಬ್ಲೌಸ್ ಕೂಡಿಸಿ ಹೊಲಿಯುವುದಕ್ಕೆ 60. ಫಿಟ್ಟಿಂಗ್ ನೋಡಿ ಸರಿಪಡಿಸುವುದಕ್ಕೆ 24. ಗಿರಾಕಿಯೊಡನೆ ಮಾತು, ಚೀಟಿ, ದರ, ತಾರೀಖಿಗೆ 18.

ಆಲ್ಟರೇಷನ್ ಎರಡನೆಯದಾಗಿ ಬಂದದ್ದನ್ನು ನೋಡಿ ಕೆಲವರು ಆಕ್ಷೇಪಿಸುತ್ತಾರೆ. ಹೊಲಿಯಲು ಬಾರದವಳು ಬಿಚ್ಚಿ ಸರಿಪಡಿಸುವುದು ಹೇಗೆ ಎನ್ನುತ್ತಾರೆ. ನನ್ನ ಅನುಭವದಲ್ಲಿ ಒಂದು ಹಳೆಯ ರವಿಕೆಯನ್ನು ಹೊಲಿಗೆ ಹೊಲಿಗೆಯಾಗಿ ಬಿಚ್ಚಿ, ತುಂಡುಗಳನ್ನು ಇಸ್ತ್ರಿ ಮಾಡಿ ನೆಲದ ಮೇಲೆ ಹರಡಿದ ದಿನ ಕಲಿಯುವವರಿಗೆ ಬ್ಲೌಸಿನ ಆಕಾರ ಅರ್ಥವಾಗುತ್ತದೆ. ಬೋರ್ಡಿನ ಮೇಲೆ ನಾಲ್ಕು ದಿನ ಬರೆದರೂ ಅದು ಅಷ್ಟು ಹಿಡಿಯುವುದಿಲ್ಲ. ಜೊತೆಗೆ ಐದನೇ ವಾರದಿಂದಲೇ ಫಾಲ್ ಹಾಕಿ, ಹುಕ್ ಕಟ್ಟಿ ನಾಲ್ಕು ಕಾಸು ನೋಡುತ್ತಾರೆ. ಮಧ್ಯದಲ್ಲಿ ಬಿಟ್ಟು ಹೋಗುವವರು ಕಡಿಮೆಯಾಗಲು ಇದು ಮುಖ್ಯ ಕಾರಣ ಎಂದು ನಾನು ನಂಬಿದ್ದೇನೆ.

ಗಿರಾಕಿಯೊಡನೆ ವ್ಯವಹರಿಸುವ ಘಟಕವನ್ನು ಮಾತ್ರ ಕೊನೆಯ ವಾರಕ್ಕೆ ತಳ್ಳಬೇಡಿ. ಅದರ 18 ಗಂಟೆಗಳನ್ನು ವಾರಕ್ಕೆ ಎರಡರಂತೆ ನಾಲ್ಕನೇ ವಾರದಿಂದ ಹಂಚಿದರೆ ಒಂಬತ್ತು ವಾರಕ್ಕೆ ಸರಿಹೋಗುತ್ತದೆ.

ಕಟಿಂಗ್ ಘಟಕ: ಹದಿನಾರು ದಿನ

48 ಗಂಟೆ ಅಂದರೆ ಹದಿನಾರು ದಿನ. ಈ ಘಟಕವನ್ನು ಮೂರು ಹಂತ ಮಾಡಿ: ಅಳತೆ, ಬಟ್ಟೆ ಲೆಕ್ಕ, ಕತ್ತರಿ.

ಮೊದಲ ನಾಲ್ಕು ದಿನ ಕತ್ತರಿಯನ್ನು ಮುಟ್ಟುವುದೇ ಇಲ್ಲ, ಅಳತೆ ಮಾತ್ರ. ನಮ್ಮ ಕಡೆ ಹೆಚ್ಚಿನವರು ಮೈ ಅಳತೆ ಕೊಡುವುದಿಲ್ಲ, ಅಳತೆ ರವಿಕೆ ತರುತ್ತಾರೆ. ಹಾಗಾಗಿ ರವಿಕೆಯಿಂದ ಅಳತೆ ತೆಗೆಯುವುದನ್ನೇ ಮೊದಲು ಕಲಿಸಿ. ಹುಕ್ ಹಾಕಿ ಮೇಜಿನ ಮೇಲೆ ಹರಡಿ, ಒಂದು ಕಂಕುಳಿನಿಂದ ಇನ್ನೊಂದಕ್ಕೆ ಅಳೆದು ಎರಡರಿಂದ ಗುಣಿಸುವುದು ಸುಲಭ. ಅದು ತಪ್ಪುತ್ತದೆ. ಎದುರು ಭಾಗದಲ್ಲಿ ಟಕ್ಸ್ ಇರುವುದರಿಂದ ಅದು ಬೆನ್ನಿಗಿಂತ ಅಗಲ, ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುವುದಿಲ್ಲ. ಬೆನ್ನನ್ನೂ ಎದುರನ್ನೂ ಬೇರೆ ಬೇರೆ ಅಳೆಯಬೇಕು. ಬೆನ್ನು 17, ಎದುರು 18 ಬಂದರೆ ರವಿಕೆಯ ಸುತ್ತಳತೆ 35. ಬೆನ್ನನ್ನಷ್ಟೇ ಅಳೆದು ದುಪ್ಪಟ್ಟು ಮಾಡಿದವಳಿಗೆ 34 ಸಿಕ್ಕಿರುತ್ತದೆ. ಆ ಒಂದು ಇಂಚು ಗಿರಾಕಿಯ ಉಸಿರು ಕಟ್ಟಿಸುತ್ತದೆ.

ಅಳತೆಯ ಜೊತೆ ಕೇಳಬೇಕಾದ ಒಂದು ಪ್ರಶ್ನೆಯನ್ನೂ ಕಲಿಕಾ ಫಲದಲ್ಲಿ ಸೇರಿಸಿ: "ಅಕ್ಕಾ, ಈ ರವಿಕೆ ಈಗ ಸರಿಯಾಗಿ ಆಗುತ್ತಾ? ಎಲ್ಲಾದರೂ ಬಿಗಿ ಇದೆಯಾ?" ಎಷ್ಟೋ ಜನ ಕೈಗೆ ಸಿಕ್ಕಿದ ರವಿಕೆ ತಂದಿರುತ್ತಾರೆ. ಅದು ಎರಡು ವರ್ಷ ಹಿಂದಿನದಾಗಿರುತ್ತದೆ.

ಈ ನಾಲ್ಕು ದಿನಕ್ಕೆ ಪರೀಕ್ಷೆ ಸುಲಭ. ಒಂದೇ ರವಿಕೆಯನ್ನು ಇಬ್ಬರು, ಒಬ್ಬರ ಚೀಟಿ ಇನ್ನೊಬ್ಬರು ನೋಡದೆ ಅಳೆಯಬೇಕು. ಉದ್ದ, ಎದೆ, ಸೊಂಟ, ಭುಜ, ತೋಳಿನ ಉದ್ದ, ತೋಳಿನ ಸುತ್ತು, ಆರ್ಮ್‌ಹೋಲ್, ಮುಂದಿನ ಕತ್ತು, ಹಿಂದಿನ ಕತ್ತು. ಒಂಬತ್ತರಲ್ಲಿ ಯಾವುದು ಕಾಲು ಇಂಚು ಮೀರಿ ಬೇರೆಯಾದರೂ ಇಬ್ಬರೂ ಕೂತು ಮತ್ತೆ ಅಳೆಯಬೇಕು. ಟೀಚರ್ ಬಾಯಿ ಹಾಕಬಾರದು. ಆರ್ಮ್‌ಹೋಲ್ ಅಳೆಯುವಾಗಲೇ ಹೆಚ್ಚು ಜಗಳ. ಒಬ್ಬಳು ಟೇಪನ್ನು ಹೊಲಿಗೆಯ ಮೇಲೆ ನಿಲ್ಲಿಸಿ ಓಡಿಸಿರುತ್ತಾಳೆ, ಇನ್ನೊಬ್ಬಳು ಚಪ್ಪಟೆ ಮಲಗಿಸಿ ಎಳೆದಿರುತ್ತಾಳೆ. ಟೇಪು ಅಂಚಿನ ಮೇಲೆ ನಿಂತು ಬಳುಕಿದಾಗಲೇ ಸರಿಯಾದ ಅಂಕಿ ಸಿಗುತ್ತದೆ.

ಮುಂದಿನ ಐದು ದಿನ ಬಟ್ಟೆ ಲೆಕ್ಕ. ಹೊಸ ಬಟ್ಟೆ ಬೇಡ. ಪ್ರತಿಯೊಬ್ಬಳೂ ಮನೆಯಿಂದ ಒಂದು ಹಳೆಯ ಅಂಚಿನ ಸೀರೆ ತರಲಿ. ಐದೂವರೆ ಮೀಟರ್ ಸೀರೆಯಿಂದ 80 ಸೆಂ.ಮೀ.ನ ಆರು ತುಂಡು ಸಿಗುತ್ತವೆ. ಅಂಚಿರುವ ಆರು ಬ್ಲೌಸ್ ಪೀಸ್ ಅಂದರೆ ಆರು ಸಲ ತಪ್ಪು ಮಾಡಿ ಕಲಿಯುವ ಅವಕಾಶ.

ಲೆಕ್ಕ ಹೀಗಿರಲಿ. 80 ಸೆಂ.ಮೀ. ಅಂದರೆ ಸುಮಾರು 31½ ಇಂಚು. ಅಂಚು ಆ ಉದ್ದಕ್ಕೆ ಎರಡೂ ಬದಿ ಓಡುತ್ತದೆ. ಗಿರಾಕಿಗೆ ತೋಳಿನ ತುದಿಯಲ್ಲಿ ಅಂಚು ಬೇಕು. ಹೊಲಿಗೆ ಬಿಡುವು ಸೇರಿ ಒಂದು ತೋಳಿಗೆ 15 ಇಂಚು ಅಗಲ ಬೇಕೆಂದರೆ ಎರಡು ತೋಳಿಗೆ 30. ಒಂದೇ ಬದಿಯ ಅಂಚಿನಲ್ಲಿ ಎರಡೂ ಕೂರುತ್ತವೆ, ಇನ್ನೂ ಒಂದೂವರೆ ಇಂಚು ಉಳಿಯುತ್ತದೆ. ಗಿರಾಕಿಯ ತೋಳು ದಪ್ಪವಿದ್ದು 16½ ಬೇಕಾದರೆ 33 ಆಯಿತು, ಸಾಲುವುದಿಲ್ಲ. ಆಗ ಒಂದೊಂದು ತೋಳನ್ನು ಒಂದೊಂದು ಬದಿಯಿಂದ ತೆಗೆಯಬೇಕು. ಅದು ಎರಡೂ ಅಂಚು ಒಂದೇ ಥರ ಇದ್ದರೆ ಮಾತ್ರ ನಡೆಯುತ್ತದೆ. ಒಂದು ಬದಿ ದೊಡ್ಡ ಅಂಚು, ಇನ್ನೊಂದು ಬದಿ ಗೆರೆಯಷ್ಟೇ ಇರುವ ಸೀರೆಯಾದರೆ? ಗಿರಾಕಿ ಎದುರಿಗಿರುವಾಗಲೇ ಹೇಳಬೇಕು: ಕಂಕುಳ ಕೆಳಗೆ ಕಾಣದಂತೆ ತುಂಡು ಕೂಡಿಸಲೇ, ಇಲ್ಲ ಅಂಚು ಬೇಡವೇ? ಕತ್ತರಿಸಿದ ಮೇಲೆ ಹೇಳಿದರೆ ಅದು ಸಮಜಾಯಿಷಿಯಾಗುತ್ತದೆ. ಹಾಗಾಗಿ ಈ ಐದು ದಿನದ ಕಲಿಕಾ ಫಲ "ಬಟ್ಟೆ ಸಾಲುತ್ತದೆಯೇ ಎಂದು ಹತ್ತು ನಿಮಿಷದಲ್ಲಿ ಗಿರಾಕಿಗೆ ಹೇಳುತ್ತಾಳೆ" ಎಂದೇ ಇದೆ. ಪೇಪರ್ ತುಂಡುಗಳನ್ನು ಬಟ್ಟೆಯ ಮೇಲೆ ಜೋಡಿಸಿ ತೋರಿಸಿದರೂ ಸಾಕು, ಮನಸ್ಸಿನಲ್ಲೇ ಲೆಕ್ಕ ಹಾಕಿದರೂ ಸಾಕು.

ಲೈನಿಂಗ್ ಬಟ್ಟೆಯ ಪಾಠವೂ ಇಲ್ಲೇ ಸೇರಲಿ. ಹೊಸ ಹತ್ತಿ ಲೈನಿಂಗ್ ಮೇಲೆ ಪೆನ್ನಿನಿಂದ 20 ಇಂಚಿಗೆ ಎರಡು ಗುರುತು ಹಾಕಿಸಿ. ರಾತ್ರಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಮತ್ತೆ ಅಳೆಯಲಿ. 19½ಕ್ಕೆ ಇಳಿದಿದ್ದರೆ ಅದೇ ಲೆಕ್ಕದಲ್ಲಿ 35 ಇಂಚಿನ ಬ್ಲೌಸು ಮುಕ್ಕಾಲು ಇಂಚಿಗಿಂತ ಹೆಚ್ಚು ಕುಗ್ಗುತ್ತದೆ. ಮೇಲಿನ ಬಟ್ಟೆ ಕುಗ್ಗದೆ ಒಳಗಿನದು ಮಾತ್ರ ಕುಗ್ಗಿದಾಗ ಬರುವುದೇ ಆ "ಒಗೆದ ಮೇಲೆ ಸುಕ್ಕು" ಎಂಬ ದೂರು. ಒಮ್ಮೆ ಸ್ವಂತ ಕೈಯಿಂದ ಈ ಅರ್ಧ ಇಂಚು ನೋಡಿದವರು ನೆನೆಸದ ಲೈನಿಂಗಿಗೆ ಕತ್ತರಿ ಹಾಕುವುದಿಲ್ಲ.

ಉಳಿದ ಏಳು ದಿನ ಕತ್ತರಿ. ಇಲ್ಲಿ ಒಂದೇ ಒಂದು ಅಪಾಯವನ್ನು ಹತ್ತಿರದಿಂದ ತೋರಿಸಿ. ತೋಳಿನ ಮುಂಭಾಗದ ಬಳುಕು ಹಿಂಭಾಗಕ್ಕಿಂತ ಆಳ, ಹಾಗಾಗಿ ಎಡತೋಳು ಬಲತೋಳು ಬೇರೆ ಬೇರೆ. ಬಟ್ಟೆಯನ್ನು ಮಡಚಿ ಎರಡು ಪದರ ಒಟ್ಟಿಗೆ ಕತ್ತರಿಸಿದರೆ ಜೋಡಿ ತಾನಾಗಿ ಬರುತ್ತದೆ. ಆದರೆ ಈಗಷ್ಟೇ ಹೇಳಿದಂತೆ ಅಂಚಿನ ಉದ್ದಕ್ಕೆ ಒಂದೇ ಪದರದಲ್ಲಿ ಪಕ್ಕಪಕ್ಕ ಇಟ್ಟು ಕತ್ತರಿಸುವಾಗ, ಪೇಪರನ್ನು ತಿರುಗಿಸಿ ಹಾಕದಿದ್ದರೆ ಎರಡೂ ಬಲತೋಳಾಗುತ್ತವೆ. ನಾನೇ ಕಲಿಯುತ್ತಿದ್ದ ಕಾಲದಲ್ಲಿ ನನ್ನ ಚಿಕ್ಕಮ್ಮನ ಸೀರೆಗೆ ಹೀಗೆ ಮಾಡಿದ್ದೆ. ಬಟ್ಟೆಯ ಒಳಮೈ ಹೊರಗೆ ಬರುವುದರಿಂದ ತಿರುಗಿಸಿ ಹೊಲಿಯಲೂ ಆಗದೆ, ಕೊನೆಗೆ ಬೇರೆ ಬಟ್ಟೆಯ ತೋಳು ಹಾಕಿದೆವು. ಗುರುತು ಹಿಡಿಯುವುದು ಸುಲಭ: ಎರಡೂ ತೋಳಿನ ಹೊರಮೈ ಮೇಲಿಟ್ಟು ಪಕ್ಕಪಕ್ಕ ಇಡಿ. ಆಳವಾದ ಬಳುಕುಗಳು ಒಂದನ್ನೊಂದು ನೋಡಬೇಕು. ಎರಡೂ ಒಂದೇ ಕಡೆ ನೋಡಿದರೆ ತಪ್ಪಿದೆ. ಸೀಮೆಸುಣ್ಣದ ಗೆರೆಯಲ್ಲೇ ಇದನ್ನು ನೋಡುವ ಅಭ್ಯಾಸವಾಗಬೇಕು. ನಮ್ಮಲ್ಲಿ ಪಕ್ಕದವಳು ಗೆರೆ ನೋಡಿ "ಹೂಂ" ಅನ್ನುವ ತನಕ ಕತ್ತರಿ ಹಾಕುವಂತಿಲ್ಲ.

ಫಿಟ್ಟಿಂಗ್: ಕಾರಣ ಹೇಳಲು ಬರಬೇಕು

ಈ ಘಟಕಕ್ಕೆ ಬೇಕಾದ್ದು ಬೋರ್ಡಲ್ಲ, ಸರಿಯಾಗಿ ಕೂರದ ರವಿಕೆಗಳು. ನಾವು ಅಂಗಡಿಯಿಂದಲೂ ಮನೆಗಳಿಂದಲೂ ಅಂಥವನ್ನು ಕೇಳಿ ತಂದು ಒಂದು ಚೀಲ ತುಂಬಿಸಿಟ್ಟಿದ್ದೇವೆ. ಕಲಿಯುವವಳು ತೊಟ್ಟವರನ್ನು ನೋಡಿ, ಬಿಚ್ಚುವ ಮೊದಲು ಕಾರಣ ಹೇಳಬೇಕು.

ಕೈ ಎತ್ತಿದರೆ ರವಿಕೆ ಮೇಲೇರುತ್ತದೆ ಎಂಬ ದೂರನ್ನು ತೆಗೆದುಕೊಳ್ಳಿ. ಹೊಸಬರು ಎಲ್ಲರೂ ಕಂಕುಳಲ್ಲಿ ಬಿಗಿಯಾಗಿದೆ ಎಂದು ಅಲ್ಲಿ ಇನ್ನಷ್ಟು ಕತ್ತರಿಸುತ್ತಾರೆ. ಆಗ ದೂರು ಹೆಚ್ಚುತ್ತದೆ. ಕಂಕುಳ ಹೊಲಿಗೆ ಮೈಯಿಂದ ಎಷ್ಟು ಕೆಳಗಿದೆಯೋ ತೋಳು ಎತ್ತಿದಾಗ ಅಷ್ಟು ಬಟ್ಟೆಯನ್ನು ಪಕ್ಕದಿಂದ ಎಳೆಯುತ್ತದೆ. ಕಂಕುಳಿಗೆ ಹತ್ತಿರ, ಚುಚ್ಚದಷ್ಟು ಮೇಲಿದ್ದರೆ ತೋಳು ಸಲೀಸಾಗಿ ಏಳುತ್ತದೆ. ಪರೀಕ್ಷಿಸಲು ಕಂಕುಳ ಕೆಳಗೆ ಎರಡು ಬೆರಳು ಇಟ್ಟು ನೋಡಿ. ಬೆರಳುಗಳ ಕೆಳಗೂ ಬಟ್ಟೆ ಜೋತು ಬಿದ್ದಿದ್ದರೆ ಆರ್ಮ್‌ಹೋಲ್ ಕೆಳಗಿಳಿದಿದೆ. ಕತ್ತರಿಸಿ ಹೋದ ಬಟ್ಟೆ ಮರಳಿ ಬಾರದ ಕಾರಣ ಇದನ್ನು ಪೂರ್ತಿ ಸರಿಪಡಿಸಲಾಗದು. ಕಂಕುಳಲ್ಲಿ ಸಣ್ಣ ತುಂಡು ಕೂಡಿಸಿ ಸ್ವಲ್ಪ ಸಡಿಲ ಕೊಡಬಹುದು. "ಇದು ಇಷ್ಟೇ ಸರಿಯಾಗುತ್ತದೆ" ಎಂದು ಗಿರಾಕಿಗೆ ಹೇಳುವುದೂ ಈ ಘಟಕದ ಕಲಿಕಾ ಫಲವೇ.

ಭುಜ ಜಾರುವುದಕ್ಕೆ ಹೆಚ್ಚಾಗಿ ಹಿಂದಿನ ಕತ್ತು ಅಗಲವಾದದ್ದೇ ಕಾರಣ. ಆಳ ಮತ್ತು ಅಗಲ ಎರಡೂ ಒಟ್ಟಿಗೆ ಹೆಚ್ಚಾದರೆ ಭುಜದ ಪಟ್ಟಿಗೆ ಹಿಡಿತವೇ ಇರುವುದಿಲ್ಲ. ಆಳ ಕೇಳಿದ ಗಿರಾಕಿಗೆ ಅಗಲ ಕಡಿಮೆ ಮಾಡಬೇಕು, ಇಲ್ಲವೇ ಹಿಂದೆ ದಾರ ಕಟ್ಟಬೇಕು.

ಪರೀಕ್ಷೆ ಯಾರ ಬಟ್ಟೆಯ ಮೇಲೆ?

ಸ್ಯಾಂಪಲ್ ಫೈಲಿಗೆ ಈಗ ಅಂಕವಿಲ್ಲ. ಕೊನೆಯ ವಾರ ಪ್ರತಿಯೊಬ್ಬಳೂ ತನ್ನ ಮನೆಯವರಲ್ಲದ ಒಬ್ಬ ಗಿರಾಕಿಯ ಬ್ಲೌಸ್ ಹೊಲಿಯುತ್ತಾಳೆ. ಬಟ್ಟೆ ಹಾಳಾದರೆ ಕೇಂದ್ರ ಬ್ಲೌಸ್ ಪೀಸ್ ಕೊಡಿಸುತ್ತದೆ ಎಂದು ಗಿರಾಕಿಗೆ ಮೊದಲೇ ಹೇಳುತ್ತೇವೆ. ರೇಷ್ಮೆಯನ್ನು ಈ ಪರೀಕ್ಷೆಗೆ ತೆಗೆದುಕೊಳ್ಳುವುದಿಲ್ಲ. ಕತ್ತರಿಸಿದ ತುಂಡುಗಳನ್ನು ಕೂಡಿಸಿ ಮುಗಿಸಲು ನಾಲ್ಕು ಗಂಟೆ ಕೊಡುತ್ತೇವೆ. ಅನುಭವಿ ಟೈಲರ್ ಇದಕ್ಕಿಂತ ಬಹಳ ಬೇಗ ಮುಗಿಸುತ್ತಾರೆ, ಆದರೆ ಹೊಸಬಳಿಗೆ ವೇಗದ ಆಸೆ ಹುಟ್ಟಿಸಿದರೆ ಅಳತೆ ಕೆಡುತ್ತದೆ.

ಅಳೆದು ನೋಡುವವರು ನಾನಲ್ಲ, ಅಂಗಡಿಯ ಮಾಸ್ಟರ್. ಚೀಟಿಯ ಒಂಬತ್ತು ಅಳತೆಗೆ ಟೇಪು ಹಿಡಿಯುತ್ತಾರೆ, ಪಕ್ಕದ ಹೊಲಿಗೆಯೊಳಗಿನ ಬಟ್ಟೆ ನೋಡುತ್ತಾರೆ, ಗಿರಾಕಿಯಿಂದ ಕೈ ಎತ್ತಿಸುತ್ತಾರೆ, ತಾರೀಖಿಗೆ ಕೊಟ್ಟಳೇ ಎಂದು ಕೇಳುತ್ತಾರೆ. ತಪ್ಪಿದ್ದರೆ ನಪಾಸಲ್ಲ. ಎರಡು ದಿನದಲ್ಲಿ ಸರಿಪಡಿಸಿ ತಂದರೆ ಪಾಸು, ಏಕೆಂದರೆ ಅಂಗಡಿಯಲ್ಲೂ ನಡೆಯುವುದು ಅದೇ. ತೋಳು ಅದಲುಬದಲಾಗಿದ್ದರೆ ಅಥವಾ ಪಕ್ಕದಲ್ಲಿ ಬಟ್ಟೆಯೇ ಬಿಟ್ಟಿರದಿದ್ದರೆ ಮಾತ್ರ ಕಟಿಂಗ್ ಘಟಕಕ್ಕೆ ಒಂದು ವಾರ ಮರಳಿ ಕೂರಬೇಕು.

ವಾಪಸ್ ಬಂದ ಪ್ರತಿ ಬ್ಲೌಸಿನ ದೂರನ್ನೂ ಬಾಗಿಲ ಬಳಿ ತೂಗುಹಾಕಿದ ಪುಸ್ತಕದಲ್ಲಿ ಬರೆಯುತ್ತೇವೆ. ಮುಂದಿನ ಬ್ಯಾಚಿನ ಗಂಟೆಗಳನ್ನು ಹಂಚುವ ಮೊದಲು ಆ ಪುಸ್ತಕ ತೆರೆಯುತ್ತೇನೆ. ಹೋದ ಸಲ ಯಂತ್ರದ ಘಟಕದಿಂದ ಆರು ಗಂಟೆ ತೆಗೆದು ಫಿಟ್ಟಿಂಗಿಗೆ ಕೊಟ್ಟದ್ದು ಅದನ್ನು ನೋಡಿಯೇ. ಅದಕ್ಕೂ ಮೊದಲು ಫಿಟ್ಟಿಂಗಿಗೆ ಇದ್ದದ್ದು 18 ಗಂಟೆ.